ಅಪಾಯ ಗೊತ್ತಿದ್ದೂ ಹಾರಿದ್ದು ಯಾಕೆ? ಹದಿಹರೆಯದಲ್ಲಿ ಗೆಳೆಯರ ಮಾತು ಗೆಲ್ಲುವ ಹೊತ್ತು

ಪ್ರಶ್ನೆ: ಮೇಡಂ, ನನ್ನ ಮಗನಿಗೆ 15 ವರ್ಷ. ನೀರು ತುಂಬಿದ ಹಳೇ ಕಲ್ಲು ಕ್ವಾರಿಯ ಹತ್ತಿರ ಹೋಗಬೇಡ ಅಂತ ಎಷ್ಟೋ ಸಲ ಹೇಳಿದ್ದೇನೆ. ಅಲ್ಲಿ ಆಳ ಗೊತ್ತಾಗಲ್ಲ, ನೀರೊಳಗೆ ಬಂಡೆ ಇರುತ್ತೆ ಅಂತ ಅವನೇ ತಂಗಿಗೆ ಬುದ್ಧಿ ಹೇಳಿದ್ದ. ಹೋದ ತಿಂಗಳು ಮೂವರು ಗೆಳೆಯರ ಜೊತೆ ಹೋಗಿ ಮೇಲಿನಿಂದ ಹಾರಿದ್ದಾನೆ. ವಿಡಿಯೋ ನೋಡಿ ನನಗೆ ಗೊತ್ತಾಯ್ತು. ಪುಣ್ಯಕ್ಕೆ ಪೆಟ್ಟಾಗಿಲ್ಲ. ಯಾಕೆ ಅಂತ ಕೇಳಿದರೆ "ಗೊತ್ತಿಲ್ಲಮ್ಮ, ಹಾರಿಬಿಟ್ಟೆ" ಅಂತಾನೆ. ಮುಂದೆ ಯಾವ ವಿಷಯ ಓದಬೇಕು ಅನ್ನೋದನ್ನ ಇದೇ ಹುಡುಗ ನಮ್ಮನ್ನು ಕೇಳಿಯೇ ತೀರ್ಮಾನ ಮಾಡಿದ. ಇಲ್ಲಿ ಮಾತ್ರ ಗೆಳೆಯರೇ ಯಾಕೆ ಹೆಚ್ಚಾದರು? ಆ ಹುಡುಗರ ಸಹವಾಸ ಬಿಡಿಸಬೇಕಾ?

ಉತ್ತರ:

ನಿಮ್ಮ ಪ್ರಶ್ನೆಯ ಕೊನೆಗೆ ಬರೆದ ಆ ಓದಿನ ವಿಷಯದಿಂದಲೇ ಶುರು ಮಾಡುತ್ತೇನೆ. ತುಂಬಾ ತಂದೆತಾಯಿ ಅದನ್ನು ಗಮನಿಸುವುದೇ ಇಲ್ಲ. ಮಗ ಒಂದು ಕಡೆ ಮಾತು ಮೀರಿದ ಅಂದರೆ, ಎಲ್ಲ ಕಡೆಯೂ ಕೈತಪ್ಪಿ ಹೋದ ಅಂತಲೇ ಅಂದುಕೊಳ್ಳುತ್ತಾರೆ. ಹದಿಹರೆಯದವರು ಹಾಗೆ ಒಟ್ಟಾರೆಯಾಗಿ ಯಾರ ಕಡೆಗೂ ವಾಲುವುದಿಲ್ಲ. ಕೆಲವು ನಿರ್ಧಾರಗಳಲ್ಲಿ ಮನೆಯವರ ಮಾತಿಗೆ ತೂಕ ಜಾಸ್ತಿ, ಕೆಲವದರಲ್ಲಿ ಗೆಳೆಯರ ಮಾತಿಗೆ.

ಇದನ್ನು ಮೊದಲಿಗೆ ಚೆನ್ನಾಗಿ ತೋರಿಸಿಕೊಟ್ಟವರಲ್ಲಿ ಕ್ಲೇ ಬ್ರಿಟನ್ ಅನ್ನುವ ಸಂಶೋಧಕ ಒಬ್ಬರು. ಅವರ ಅಧ್ಯಯನ ಬಂದದ್ದು 1963ರಲ್ಲಿ. ಅಮೆರಿಕದ ದಕ್ಷಿಣ ಭಾಗದ ಹೈಸ್ಕೂಲು ಹುಡುಗಿಯರಿಗೆ ಅವರು ಕೆಲವು ಇಕ್ಕಟ್ಟಿನ ಸಂದರ್ಭಗಳನ್ನು ಕೊಟ್ಟರು. ಒಂದು ದಾರಿ ತಂದೆತಾಯಿಗೆ ಇಷ್ಟ, ಇನ್ನೊಂದು ಗೆಳತಿಯರಿಗೆ ಇಷ್ಟ. ನೀನಾದರೆ ಏನು ಮಾಡುತ್ತೀಯ? ಸ್ವಲ್ಪ ದಿನ ಬಿಟ್ಟು ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿದರು. ಆದರೆ ಈ ಸಲ ಅದಲು ಬದಲು ಮಾಡಿದ್ದರು. ಮೊದಲು ತಂದೆತಾಯಿಗೆ ಇಷ್ಟವಾಗಿದ್ದ ದಾರಿ ಈಗ ಗೆಳತಿಯರದ್ದು. ಉತ್ತರವೂ ಜನರ ಜೊತೆಗೇ ಬದಲಾದರೆ, ಆ ಹುಡುಗಿ ದಾರಿಯನ್ನಲ್ಲ, ಹೇಳಿದವರನ್ನು ನೋಡಿ ಆರಿಸುತ್ತಿದ್ದಾಳೆ ಅಂತ ಅರ್ಥ. ಎಂಥ ಚಂದದ ಉಪಾಯ ನೋಡಿ.

ಯಾವ ಬಟ್ಟೆ ಹಾಕಬೇಕು, ಗೆಳತಿಯರ ಜೊತೆ ಇರಬೇಕು ಅಂದರೆ ಯಾವ ಕ್ಲಾಸು ಸೇರಬೇಕು ಅನ್ನುವಂಥದ್ದರಲ್ಲಿ ಗೆಳತಿಯರು ಗೆದ್ದರು. ಯಾವ ಕೆಲಸ ಹಿಡಿಯಬೇಕು, ತಪ್ಪು ಮಾಡಿದವರ ವಿಷಯ ದೊಡ್ಡವರಿಗೆ ತಿಳಿಸಬೇಕೋ ಬೇಡವೋ ಅನ್ನುವಂಥದ್ದರಲ್ಲಿ ತಂದೆತಾಯಿ ಗೆದ್ದರು. ಯಾವ ಲೋಕದ ದಾರಿ ಯಾರಿಗೆ ಗೊತ್ತು ಅನ್ನುವುದನ್ನು ಮಕ್ಕಳು ಲೆಕ್ಕ ಹಾಕುತ್ತಾರೆ. ಹತ್ತು ವರ್ಷ ಆದಮೇಲಿನ ಬದುಕು ಅಪ್ಪ ಅಮ್ಮನಿಗೆ ಗೊತ್ತು. ನಾಳೆ ಬೆಳಿಗ್ಗೆ ಕ್ಲಾಸಿನಲ್ಲಿ ಹೇಗಿರುತ್ತೆ ಅನ್ನುವುದು ಗೆಳೆಯರಿಗೇ ಗೊತ್ತು. ನಿಮ್ಮ ಮಗನೂ ಓದಿನ ವಿಷಯದಲ್ಲಿ ಮಾಡಿದ್ದು ಇದನ್ನೇ. ಅಂದರೆ ಅವನು ನಿಮ್ಮ ಮಾತಿಗೆ ಬೆಲೆ ಕೊಡುವುದನ್ನು ಬಿಟ್ಟಿಲ್ಲ.

ಆದರೆ ಕ್ವಾರಿಯ ವಿಷಯಕ್ಕೆ ಈ ಲೆಕ್ಕ ಸಾಲುವುದಿಲ್ಲ. ನೀರಿಗೆ ಹಾರುವುದು ಬಟ್ಟೆಯ ಹಾಗೆ ರುಚಿ ಅಭಿರುಚಿಯ ಪ್ರಶ್ನೆ ಅಲ್ಲ. ಜೀವಕ್ಕೆ ಅಪಾಯ ಇರುವ ಕಡೆ ದೊಡ್ಡವರು ನಿಯಮ ಹಾಕಬಹುದು ಅಂತ ಸಾಮಾನ್ಯವಾಗಿ ಈ ವಯಸ್ಸಿನವರೂ ಒಪ್ಪುತ್ತಾರೆ. ನಿಮ್ಮ ಮಗ ಒಪ್ಪಿದ್ದಷ್ಟೇ ಅಲ್ಲ, ತಂಗಿಗೂ ಹೇಳಿದ್ದಾನೆ. ಆಮೇಲೂ ಹಾರಿದ. ಇಲ್ಲಿ ಬೇರೆ ಏನೋ ಕೆಲಸ ಮಾಡಿದೆ.

ಅದೇನು ಅಂತ ಹೇಳಲು ಒಂದು ವಿಡಿಯೋ ಗೇಮ್ ಬಗ್ಗೆ ಹೇಳಬೇಕು. 2005ರಲ್ಲಿ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಮೂರು ವಯಸ್ಸಿನವರಿಗೆ ಅದನ್ನು ಆಡಿಸಿದರು. 13ರಿಂದ 16, 18ರಿಂದ 22, ಆಮೇಲೆ 24 ದಾಟಿದವರು. ಪರದೆಯ ಮೇಲೆ ಕಾರು ಹೋಗುತ್ತಿರುತ್ತದೆ, ಸಿಗ್ನಲ್ ಹಳದಿ ಇದೆ. ಮುಂದೆ ಹೋದಷ್ಟೂ ಅಂಕ. ಆದರೆ ಯಾವ ಕ್ಷಣದಲ್ಲಾದರೂ ಕೆಂಪು ದೀಪ ಬೀಳಬಹುದು. ಬಿದ್ದಾಗ ಕಾರು ಓಡುತ್ತಿದ್ದರೆ ಅಪಘಾತ, ಅಂಕ ಹೋಯಿತು. ಯಾವಾಗ ನಿಲ್ಲಿಸುತ್ತೀರಿ ಅನ್ನುವುದೇ ಆಟ. ಕೆಲವರು ಒಬ್ಬರೇ ಆಡಿದರು. ಕೆಲವರು ಇಬ್ಬರು ಓರಗೆಯವರನ್ನು ಪಕ್ಕದಲ್ಲಿಟ್ಟುಕೊಂಡು ಆಡಿದರು.

24 ದಾಟಿದವರು ಒಬ್ಬರೇ ಇದ್ದರೂ ಒಂದೇ, ಜೊತೆಗಿದ್ದರೂ ಒಂದೇ. ಚಿಕ್ಕವರು ಹಾಗಲ್ಲ. ಜೊತೆಗಾರರು ಪಕ್ಕದಲ್ಲಿದ್ದಾಗ ಅವರು ತೆಗೆದುಕೊಂಡ ಅಪಾಯ ತುಂಬಾ ಜಾಸ್ತಿಯಾಯಿತು. ನಡುವಿನ ವಯಸ್ಸಿನವರು ಎರಡರ ಮಧ್ಯೆ ಎಲ್ಲೋ ಇದ್ದರು. ಹಾಗಾಗಿ "ಈ ವಯಸ್ಸಿನವರು ದುಡುಕು ಸ್ವಭಾವದವರು" ಅನ್ನುವುದು ಅರ್ಧ ಸತ್ಯ. ಒಬ್ಬರೇ ಕೂತಾಗ ಇರದಷ್ಟು ದುಡುಕು, ಜೊತೆಯವರು ನೋಡುತ್ತಿರುವಾಗ ಬರುತ್ತದೆ.

2011ರಲ್ಲಿ ಜೇಸನ್ ಚೈನ್ ಮತ್ತು ಅವರ ಜೊತೆಗಾರರು ಇದೇ ಬಗೆಯ ಆಟವನ್ನು ಮೆದುಳಿನ ಸ್ಕ್ಯಾನರ್ ಒಳಗೆ ಆಡಿಸಿದರು. ಗೆಳೆಯರು ಬೇರೆ ಕೋಣೆಯಲ್ಲಿ ಕೂತು ನೋಡುತ್ತಿದ್ದರು, ಅಷ್ಟೇ. ಹದಿಹರೆಯದವರಲ್ಲಿ, ಗೆಳೆಯರು ನೋಡುತ್ತಿದ್ದಾರೆ ಅಂತ ಗೊತ್ತಾದಾಗ ವೆಂಟ್ರಲ್ ಸ್ಟ್ರಯೇಟಮ್ ಅನ್ನುವ ಭಾಗ ಹೆಚ್ಚು ಚುರುಕಾಯಿತು. "ಇದರಿಂದ ಏನೋ ಒಳ್ಳೆಯದು ಸಿಗುತ್ತೆ" ಅನ್ನುವ ಆಸೆ ಏಳುವ ಜಾಗಗಳಲ್ಲಿ ಅದೂ ಒಂದು. ದೊಡ್ಡವರಲ್ಲಿ ಹಾಗಾಗಲಿಲ್ಲ. ನನ್ನ ಮಟ್ಟಿಗೆ ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ತಡೆದು ಯೋಚಿಸುವ ಭಾಗಗಳ ಕೆಲಸದಲ್ಲಿ, ಗೆಳೆಯರು ಇದ್ದರೂ ಇಲ್ಲದಿದ್ದರೂ ಅಂಥ ವ್ಯತ್ಯಾಸ ಕಾಣಲಿಲ್ಲ. ಬ್ರೇಕು ಮೊದಲು ಹೇಗಿತ್ತೋ ಹಾಗೇ ಇತ್ತು. ಆಕ್ಸಿಲರೇಟರ್ ಮೇಲೆ ಕಾಲು ಜೋರಾಗಿ ಬಿತ್ತು. ಇದು ಸಣ್ಣ ಗುಂಪಿನ ಮೇಲೆ ಮಾಡಿದ ಪ್ರಯೋಗ, ಸಿಕ್ಕಿದ್ದು ಸರಾಸರಿ. ನಿಮ್ಮ ಮಗನ ತಲೆಯಲ್ಲೂ ಇದೇ ಆಯಿತು ಅಂತ ಯಾರೂ ಆಣೆ ಮಾಡಿ ಹೇಳಲಾರರು. ಆದರೆ ಅವನ "ಹಾರಿಬಿಟ್ಟೆ" ಅನ್ನುವ ಮಾತಿಗೆ ಇದು ಚೆನ್ನಾಗಿ ಹೊಂದುತ್ತದೆ.

ಹಾಗಾದರೆ ಅಪಾಯ ಎಷ್ಟಿದೆ ಅಂತ ಇನ್ನೂ ಸರಿಯಾಗಿ ತಿಳಿಸಿ ಹೇಳಿದ್ದರೆ? 2014ರಲ್ಲಿ ಆಶ್ಲಿ ಸ್ಮಿತ್, ಚೈನ್, ಸ್ಟೈನ್‌ಬರ್ಗ್ ಇದನ್ನೂ ನೋಡಿದರು. ಒಂದು ಜೂಜಿನಂಥ ಆಟದಲ್ಲಿ ಸೋಲುವ ಸಾಧ್ಯತೆ ಎಷ್ಟು ಅಂತ ಮೊದಲೇ ತೋರಿಸಿಬಿಟ್ಟರು. ಮುಚ್ಚುಮರೆ ಏನೂ ಇಲ್ಲ. ಆದರೂ ಓರಗೆಯವನೊಬ್ಬ ನೋಡುತ್ತಿದ್ದಾನೆ ಅಂತ ನಂಬಿದ ಹದಿಹರೆಯದವರು ಒಬ್ಬರೇ ಆಡಿದವರಿಗಿಂತ ಹೆಚ್ಚು ಅಪಾಯಕ್ಕೆ ಕೈಹಾಕಿದರು. ಸೋಲು ಹೆಚ್ಚು ಖಚಿತವಾಗಿದ್ದ ಕಡೆಯೇ ಈ ವ್ಯತ್ಯಾಸ ಎದ್ದು ಕಂಡಿತು.

ಅದಕ್ಕೇ ನೀವು ಎಷ್ಟು ಸಲ ಹೇಳಿದರೂ ಆ ಹೊತ್ತಿಗೆ ಕೆಲಸಕ್ಕೆ ಬರಲಿಲ್ಲ. ನಿಮ್ಮ ಮಾತು ಅವನಿಗೆ ತಿಳಿವಳಿಕೆ ಕೊಟ್ಟಿತ್ತು. ತಿಳಿವಳಿಕೆ ಅವನಲ್ಲಿ ಇತ್ತು ಕೂಡ. ಗೆಳೆಯರು ಬದಲಾಯಿಸಿದ್ದು ಅದನ್ನಲ್ಲ. ಹಾರುವುದರಲ್ಲಿ ಏನು ಸಿಗುತ್ತದೆ, ಹಾರದಿದ್ದರೆ ಏನು ಹೋಗುತ್ತದೆ ಅನ್ನುವ ಬೆಲೆಯನ್ನು.

ಈಗ ಆ ಕ್ವಾರಿಯ ಅಂಚಿಗೆ ಹೋಗೋಣ. ನಾನು ಅಲ್ಲಿರಲಿಲ್ಲ. ಆದರೆ ಇಂಥ ಕಥೆಯನ್ನು ಎಷ್ಟೋ ಹುಡುಗರ ಬಾಯಲ್ಲಿ ಕೇಳಿದ್ದೇನೆ, ಅದು ಹೆಚ್ಚುಕಡಿಮೆ ಒಂದೇ ರೀತಿ ನಡೆಯುತ್ತದೆ. ನಾಲ್ಕು ಜನ ಹೊರಡುವಾಗ ಹಾರುವ ಮಾತೇ ಇರುವುದಿಲ್ಲ. "ಸುಮ್ನೆ ನೋಡ್ಕೊಂಡು ಬರೋಣ" ಅಂತ ಹೋಗುತ್ತಾರೆ. ಅಲ್ಲಿ ಹೋದಮೇಲೆ ಒಬ್ಬ ಅಂಚಿಗೆ ಬಂದು ಕೆಳಗೆ ನೋಡುತ್ತಾನೆ. ಇನ್ನೊಬ್ಬ ಫೋನ್ ತೆಗೆಯುತ್ತಾನೆ. ಮೊದಲಿನವನು ಹಾರುತ್ತಾನೆ, ನಗುತ್ತಾ ಮೇಲೆ ಏಳುತ್ತಾನೆ. ಅಲ್ಲಿಗೆ ಲೆಕ್ಕ ಬದಲಾಯಿತು. ಅಪಾಯ ಕಣ್ಣಿಗೆ ಕಾಣುತ್ತಿಲ್ಲ, ಏನೂ ಆಗದೆ ಎದ್ದುಬಂದ ಗೆಳೆಯ ಕಾಣುತ್ತಿದ್ದಾನೆ. ಎರಡನೆಯವನೂ ಹಾರುತ್ತಾನೆ. ಈಗ ಮೇಲೆ ನಿಂತವನು ಒಂಟಿ. "ಬಾರೋ" ಅಂತ ಒಂದು ಕೂಗು ಬರುತ್ತದೆ, ಎಷ್ಟೋ ಸಲ ಅದೂ ಬರುವುದಿಲ್ಲ. ಸುಮ್ಮನೆ ಕಾಯುತ್ತಾರೆ. ಫೋನ್ ಅವನ ಕಡೆಗೇ ತಿರುಗಿದೆ.

ಆಗ ಅವನ ಮುಂದೆ ಎರಡು ಬೆಲೆಗಳಿವೆ. ಹಾರಿದರೆ ಪೆಟ್ಟಾಗಬಹುದು. ಆದರೆ ಅದು "ಆಗಬಹುದು", ಖಚಿತವಿಲ್ಲ. ಹಾರದೆ ಹಿಂದೆ ಬಂದರೆ ಮರ್ಯಾದೆ ಹೋಗುವುದು ಖಚಿತ, ಅದೂ ಈಗಲೇ, ಎಲ್ಲರ ಎದುರು. ನಾಳೆ ಆ ವಿಡಿಯೋ ನೋಡುವವರ ಎದುರೂ ಕೂಡ. ದೊಡ್ಡವರಿಗೆ ಈ ಎರಡನೆಯ ಬೆಲೆ ಚಿಲ್ಲರೆ ಅನ್ನಿಸುತ್ತದೆ. ಹದಿಹರೆಯದಲ್ಲಿ ಅದು ಚಿಲ್ಲರೆ ಅಲ್ಲ. ಸೈಬರ್‌ಬಾಲ್ ಅಂತ ಒಂದು ಸರಳ ಆಟ ಇದೆ. ಪರದೆಯ ಮೇಲೆ ಮೂವರು ಚೆಂಡು ಎಸೆದಾಡುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಇಬ್ಬರು ತಮ್ಮತಮ್ಮಲ್ಲೇ ಆಡಿಕೊಂಡು ಮೂರನೆಯವರಿಗೆ ಚೆಂಡು ಕೊಡುವುದನ್ನೇ ನಿಲ್ಲಿಸುತ್ತಾರೆ. ಗುರುತು ಪರಿಚಯ ಇಲ್ಲದವರ ಜೊತೆ, ಕೆಲವು ನಿಮಿಷದ ಆಟ. ಕ್ಯಾಥರೀನ್ ಸೆಬಾಸ್ಟಿಯನ್ ಮತ್ತು ಜೊತೆಗಾರರು 2010ರಲ್ಲಿ ಇದನ್ನು ಹುಡುಗಿಯರಿಗೂ ದೊಡ್ಡ ಹೆಂಗಸರಿಗೂ ಆಡಿಸಿ ನೋಡಿದರು. ಹೊರಗಿಟ್ಟಾಗ ಹದಿಹರೆಯದ ಹುಡುಗಿಯರ ಮನಸ್ಸು ದೊಡ್ಡವರಿಗಿಂತ ಹೆಚ್ಚು ಕುಸಿಯಿತು. ಗುರುತಿಲ್ಲದವರಿಂದಲೇ ಇಷ್ಟು ನೋವಾದರೆ, ದಿನಾ ಪಕ್ಕದಲ್ಲಿ ಕೂರುವ ಮೂವರಿಂದ ಎಷ್ಟಾಗಬೇಡ?

ಇದೆಲ್ಲ ನಡೆಯುವಾಗ ನೀವು ಮನೆಯಲ್ಲಿದ್ದೀರಿ. ನಿಮ್ಮ ಮಾತು ಅವನ ನೆನಪಿನಲ್ಲಿದೆ, ಅವರು ಕಣ್ಣೆದುರಿಗಿದ್ದಾರೆ. ನಿಮಗೆ ಬೇಜಾರಾದರೂ ಅದು ಸಂಜೆಯ ವಿಷಯ, ಅದೂ ಗೊತ್ತಾದರೆ. ಇನ್ನೊಂದು ಮಾತು. ಅವನು ಏನೇ ಮಾಡಿದರೂ ನೀವು ಅವನ ಅಮ್ಮನಾಗಿಯೇ ಇರುತ್ತೀರಿ, ಇದು ಅವನಿಗೆ ಗೊತ್ತು. ಗೆಳೆತನಕ್ಕೆ ಆ ಭರವಸೆ ಇಲ್ಲ, ಅದನ್ನು ದಿನಾ ಉಳಿಸಿಕೊಳ್ಳಬೇಕು. ಹಾಗಾಗಿ ಕೈತಪ್ಪಬಹುದಾದ್ದಕ್ಕೇ ಅವನು ಹೆಚ್ಚು ಬೆಲೆ ಕೊಟ್ಟ. ಇದು ಪ್ರಯೋಗದಲ್ಲಿ ಸಿಕ್ಕ ಮಾತಲ್ಲ, ಇಷ್ಟು ವರ್ಷ ಈ ಮಕ್ಕಳ ಜೊತೆ ಕೂತು ನನಗೆ ಅನ್ನಿಸಿದ್ದು. ಮನೆಯಲ್ಲಿ ಪ್ರೀತಿ ಗಟ್ಟಿಯಾಗಿರುವ ಮಕ್ಕಳೂ ಹೀಗೆ ಮಾಡುವುದನ್ನು ನೋಡಿದ್ದೇನೆ. ದಯವಿಟ್ಟು ಇದನ್ನು ನಿಮ್ಮ ಸೋಲು ಅಂತ ತಿಳಿಯಬೇಡಿ.

ವಯಸ್ಸಿನ ಬಗ್ಗೆಯೂ ಹೇಳಬೇಕು, ಅದರಲ್ಲಿ ನಿಮಗೆ ಸ್ವಲ್ಪ ಸಮಾಧಾನ ಇದೆ. ಲಂಡನ್ನಿನ ವಿಜ್ಞಾನ ಮ್ಯೂಸಿಯಂಗೆ ಬಂದ ಐನೂರಕ್ಕೂ ಹೆಚ್ಚು ಜನರ ಮೇಲೆ ಮಾಡಿದ ಅಧ್ಯಯನ 2015ರಲ್ಲಿ ಬಂತು. ದಿನನಿತ್ಯದ ಕೆಲವು ಸಂದರ್ಭಗಳು ಎಷ್ಟು ಅಪಾಯ ಅಂತ ಅವರು ಹೇಳಬೇಕಿತ್ತು. ಆಮೇಲೆ "ಬೇರೆಯವರು ಹೀಗಂದಿದ್ದಾರೆ" ಅಂತ ತೋರಿಸಿ ಮತ್ತೆ ಕೇಳಿದರು. ಎಲ್ಲ ವಯಸ್ಸಿನವರೂ ಸ್ವಲ್ಪ ತಮ್ಮ ಅಂದಾಜು ಬದಲಿಸಿದರು. ಹೆಚ್ಚಿನವರು ದೊಡ್ಡವರ ಅಭಿಪ್ರಾಯದ ಕಡೆಗೆ ಜಾಸ್ತಿ ವಾಲಿದರು. ದೊಡ್ಡವರಿಗಿಂತ ಹದಿಹರೆಯದವರ ಮಾತಿಗೆ ಹೆಚ್ಚು ವಾಲಿದ್ದು 12ರಿಂದ 14ರ ಮಕ್ಕಳು ಮಾತ್ರ. ಇನ್ನು 14ರಿಂದ 18ರವರೆಗೆ, ಓರಗೆಯವರ ಒತ್ತಡಕ್ಕೆ ಎದುರು ನಿಲ್ಲುವ ಶಕ್ತಿ ವರ್ಷ ವರ್ಷಕ್ಕೂ ಏರುತ್ತಾ ಹೋಗುತ್ತದೆ. ಸ್ಟೈನ್‌ಬರ್ಗ್ ಮತ್ತು ಕ್ಯಾಥರೀನ್ ಮೊನಾಹನ್ 2007ರಲ್ಲಿ ಇದನ್ನು ತೋರಿಸಿದರು. ನಿಮ್ಮ ಮಗ ಈಗ ಆ ಏರಿನ ಬುಡದಲ್ಲಿದ್ದಾನೆ. ಮುಂದಿನ ಮೂರು ವರ್ಷ ಅವನನ್ನು ಹುಷಾರಾಗಿ ದಾಟಿಸಬೇಕು, ಅಷ್ಟೇ ನಮ್ಮ ಕೆಲಸ.

ಈಗ ಸಹವಾಸ ಬಿಡಿಸುವ ಪ್ರಶ್ನೆ. ಬೇಡ ಅನ್ನುತ್ತೇನೆ, ಸದ್ಯಕ್ಕೆ. ಕಾರಣ ಹೇಳುತ್ತೇನೆ.

ಗೆಳೆಯರು ಒಬ್ಬರ ಹಾಗೆ ಒಬ್ಬರು ಇರುವುದನ್ನು ನೋಡಿ, "ಅವರಿಂದ ಇವನು ಕೆಟ್ಟ" ಅಂದುಬಿಡುತ್ತೇವೆ. ಡೆನೀಸ್ ಕ್ಯಾಂಡೆಲ್ 1978ರಲ್ಲಿ ಹೈಸ್ಕೂಲು ಮಕ್ಕಳ ಗೆಳೆತನಗಳನ್ನು ಒಂದು ವರ್ಷದ ಶುರುವಿನಲ್ಲೂ ಕೊನೆಯಲ್ಲೂ ನೋಡಿದರು. ಯಾರು ಹೊಸದಾಗಿ ಗೆಳೆಯರಾದರು, ಯಾರು ದೂರವಾದರು, ಯಾರು ಜೊತೆಗಿದ್ದು ಬದಲಾದರು ಅಂತ. ಜೊತೆಗಿದ್ದು ಒಂದೇ ಥರ ಆಗುವುದು ನಿಜ. ಆದರೆ ಮೊದಲೇ ತಮ್ಮ ಥರ ಇರುವವರನ್ನು ಹುಡುಕಿ ಗೆಳೆಯರಾಗುವುದೂ ಅಷ್ಟೇ ನಿಜ. ಎರಡೂ ಹೆಚ್ಚುಕಡಿಮೆ ಸಮವಾಗಿಯೇ ಇದ್ದವು. ನಿಮ್ಮ ಮಗನಿಗೆ ಈ ಮೂವರು ಯಾಕೆ ಹಿಡಿಸಿದರು ಅನ್ನುವುದಕ್ಕೆ ಅವನದೇ ಆದ ಕಾರಣ ಇರುತ್ತದೆ. ಇವರನ್ನು ಬಿಡಿಸಿದರೆ ಆ ಕಾರಣ ಹೋಗುವುದಿಲ್ಲ. ಗೆಳೆತನ ನಿಮ್ಮ ಕಣ್ಣಿನಿಂದ ಮರೆಯಾಗುತ್ತದೆ ಅಷ್ಟೇ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಆ ನಾಲ್ವರಲ್ಲಿ ನಿಜವಾಗಿ ಹಾರಬೇಕು ಅಂತ ಎಷ್ಟು ಜನಕ್ಕಿತ್ತು? ಒಬ್ಬನಿಗೆ ಇದ್ದಿರಬಹುದು. ಗುಂಪಿನಲ್ಲಿ ಪ್ರತಿಯೊಬ್ಬನೂ ತನ್ನ ಹೆದರಿಕೆ ಮುಚ್ಚಿಟ್ಟುಕೊಂಡು ಬೇರೆಯವರ ಮುಖ ನೋಡುತ್ತಾನೆ. ಅವರೂ ಮುಚ್ಚಿಟ್ಟುಕೊಂಡಿರುತ್ತಾರೆ. ಆದ್ದರಿಂದ "ನನಗೊಬ್ಬನಿಗೇ ಭಯ" ಅಂತ ಎಲ್ಲರಿಗೂ ಅನ್ನಿಸುತ್ತದೆ. ಕುಡಿತದ ವಿಷಯದಲ್ಲಿ ಡೆಬೊರಾ ಪ್ರೆಂಟಿಸ್ ಮತ್ತು ಡೇಲ್ ಮಿಲ್ಲರ್ 1993ರಲ್ಲಿ ಪ್ರಿನ್ಸ್‌ಟನ್ ವಿದ್ಯಾರ್ಥಿಗಳಲ್ಲಿ ಇದನ್ನೇ ಕಂಡರು. ಅಲ್ಲಿನ ಕುಡಿತ ತಮಗೆ ಸರಿ ಬರುತ್ತಿಲ್ಲ, ಉಳಿದವರಿಗೆ ಮಾತ್ರ ಅದು ಆರಾಮ ಅಂತ ವಿದ್ಯಾರ್ಥಿಗಳು ಅಂದುಕೊಂಡಿದ್ದರು. ಉಳಿದವರ ಮನಸ್ಸಿನಲ್ಲೂ ಅದೇ ಕಸಿವಿಸಿ ಇತ್ತು.

ಇದರ ಜೊತೆಗೆ ಸಾಲೊಮನ್ ಆಶ್ ಅವರ 1950ರ ದಶಕದ ಪ್ರಯೋಗ ಇಟ್ಟು ನೋಡಿ. ಕೋಣೆಯಲ್ಲಿರುವ ಎಲ್ಲರೂ ಕಣ್ಣಿಗೆ ಕಾಣುವ ಗೆರೆಯ ಉದ್ದವನ್ನೇ ತಪ್ಪಾಗಿ ಹೇಳಿದಾಗ, ಒಂಟಿಯಾಗಿದ್ದವನು ಎಷ್ಟೋ ಸಲ ಅವರ ಹಾಗೇ ಹೇಳಿಬಿಡುತ್ತಿದ್ದ. ಅವರಲ್ಲಿ ಒಬ್ಬನೇ ಒಬ್ಬ ಸರಿಯಾದ ಉತ್ತರ ಹೇಳಿದರೆ ಸಾಕು, ಆ ಒತ್ತಡದ ಬಹುಪಾಲು ಕರಗಿಹೋಗುತ್ತಿತ್ತು. ಅವರೆಲ್ಲ ಕಾಲೇಜು ಹುಡುಗರು, ಹದಿನೈದರವರಲ್ಲ. ಆದರೂ ಈ ಮಾತು ಇಲ್ಲಿಗೆ ತುಂಬಾ ಬೇಕು. ನಿಮ್ಮ ಮಗನಿಗೆ ಮೂವರನ್ನೂ ಬಿಡಬೇಕಾದ ಅಗತ್ಯವಿಲ್ಲ. ಆ ಮೂವರಲ್ಲಿ ತನ್ನ ಹಾಗೇ ಹೆದರಿದ್ದವನು ಯಾರು ಅಂತ ಗೊತ್ತಾಗಬೇಕು. ಅವನು ಸಿಕ್ಕರೆ, ಮುಂದಿನ ಸಲ ಅಂಚಿನಲ್ಲಿ ನಿಂತವನು ಒಂಟಿಯಲ್ಲ.

ಹಾಗಾಗಿ ಮಾತು ಎತ್ತುವಾಗ "ಯಾಕೆ ಹಾರಿದೆ" ಅಂತ ಕೇಳಬೇಡಿ. ಅದಕ್ಕೆ ಅವನ ಹತ್ತಿರ ಉತ್ತರ ಇಲ್ಲ, ಇಲ್ಲ ಅಂತ ನಿಜವನ್ನೇ ಹೇಳಿದ್ದಾನೆ. ನಡೆದದ್ದನ್ನು ಕೇಳಿ. ಮೊದಲು ಯಾರು ಹಾರಿದ? ಆಮೇಲೆ ಯಾರು? ನೀನು ಎಷ್ಟು ಹೊತ್ತು ನಿಂತಿದ್ದೆ? ನಿನ್ನ ಹಾಗೆ ಇನ್ನಾರಿಗಾದರೂ ಬೇಡ ಅನ್ನಿಸಿತ್ತು ಅಂತ ಅನ್ನಿಸುತ್ತಾ? ಕೇಳುವಾಗ ಮುಖ ನೋಡಿಕೊಂಡು ಕೂರಬೇಡಿ. ಪಾತ್ರೆ ತೊಳೆಯುವಾಗಲೋ ಜೊತೆಗೆ ನಡೆಯುವಾಗಲೋ ಕೇಳಿ. ಈ ವಯಸ್ಸಿನವರಿಗೆ ಪಕ್ಕಪಕ್ಕದಲ್ಲಿದ್ದಾಗ ಮಾತು ಬರುತ್ತದೆ.

ಆಮೇಲೆ ಅವನ ಜೊತೆ ಕೂತು ಒಂದು ಕೆಲಸ ಮಾಡಿ. ನಿರ್ಧಾರವನ್ನು ಕ್ವಾರಿಯ ಅಂಚಿನಿಂದ ಹಿಂದಕ್ಕೆ ತನ್ನಿ. ಅಂಚಿಗೆ ಹೋದಮೇಲೆ ಅವನ ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಗೆಳೆಯರು ಫೋನಿನಲ್ಲಿ "ಬರ್ತೀಯಾ" ಅಂತ ಕೇಳುವಾಗ ಅವನು ಮನೆಯಲ್ಲಿದ್ದಾನೆ, ಯಾರೂ ನೋಡುತ್ತಿಲ್ಲ. ಅಲ್ಲಿ ಬೇಡ ಅನ್ನುವುದು ಎಷ್ಟೋ ಸುಲಭ. ಆಗ ಏನು ಹೇಳುತ್ತಾನೆ ಅಂತ ಈಗಲೇ ಅವನ ಬಾಯಿಂದಲೇ ಬರಲಿ, ಅವನದೇ ಮಾತಿನಲ್ಲಿ. ನೀವು ಬರೆದುಕೊಟ್ಟ ವಾಕ್ಯ ಅವನು ಹೇಳಲಾರ. "ಅದು ಬೇಡ ಕಣೋ, ಆಟಕ್ಕೆ ಹೋಗೋಣ" ಅಂತ ಬೇರೆ ಜಾಗ ಸೂಚಿಸುವುದು, ಬರೀ ಬೇಡ ಅನ್ನುವುದಕ್ಕಿಂತ ನಡೆಯುತ್ತದೆ. ಒಂದೆರಡು ಸಲ ಜೋರಾಗಿ ಹೇಳಿಸಿ. ನಾಚಿಕೆ ಆಗುತ್ತದೆ, ಆಗಲಿ. ಬಾಯಿಗೆ ಬಂದ ಮಾತು ಒತ್ತಡದಲ್ಲೂ ಬರುತ್ತದೆ.

ಒಂದು ವೇಳೆ ಹೋಗಿಬಿಟ್ಟಿದ್ದರೆ? ಅದಕ್ಕೂ ಒಂದು ದಾರಿ ಇಡಿ. ಒಂದೇ ಅಕ್ಷರದ ಮೆಸೇಜು ಗೊತ್ತು ಮಾಡಿಕೊಳ್ಳಿ. ಅದು ಬಂದ ಕೂಡಲೇ ನೀವು ಅವನಿಗೆ ಫೋನ್ ಮಾಡಿ, "ಈಗಲೇ ಮನೆಗೆ ಬಾ, ಕೆಲಸ ಇದೆ" ಅಂತ ಗಟ್ಟಿಯಾಗಿ ಹೇಳಬೇಕು. ಬೇಕಾದರೆ ಹೋಗಿ ಕರೆದುಕೊಂಡು ಬರಬೇಕು. ಅವನು ಗೆಳೆಯರ ಎದುರು "ನಮ್ಮಮ್ಮ ಬಿಡಲ್ಲ ಕಣೋ" ಅಂತ ನಿಮ್ಮ ಮೇಲೆ ಹಾಕಲಿ. ಅವನ ಮರ್ಯಾದೆ ಉಳಿಯುತ್ತದೆ, ನೀವು ಕೆಟ್ಟವರಾದರೂ ಪರವಾಗಿಲ್ಲ ಅಲ್ವಾ? ಆದರೆ ಇದು ನಿಲ್ಲುವುದು ಒಂದೇ ಮಾತಿನ ಮೇಲೆ. ಆ ಮೆಸೇಜು ಬಂದ ದಿನ ವಿಚಾರಣೆ ಇಲ್ಲ, ಬೈಗುಳ ಇಲ್ಲ. ಮರುದಿನ ಮಾತಾಡಬಹುದು. ಒಂದು ಸಲ ಆ ಮಾತು ತಪ್ಪಿದಿರೋ, ಎರಡನೇ ಮೆಸೇಜು ಬರುವುದಿಲ್ಲ.

ಹಾಗಂತ ನಿಯಮವನ್ನು ಸಡಿಲ ಮಾಡಬೇಡಿ. ಆಳ ಗೊತ್ತಿಲ್ಲದ ನೀರಿಗೆ ಹಾರುವಂತಿಲ್ಲ, ಅಷ್ಟೇ. ಅದರಲ್ಲಿ ಚರ್ಚೆ ಇಲ್ಲ. ನೀರಿನ ಆಸೆ ಇದ್ದರೆ ಕಾವಲಿನವರು ಇರುವ ಈಜುಕೊಳಕ್ಕೆ ಆ ಮೂವರ ಜೊತೆಗೇ ಹೋಗಲಿ. ಸಾಧ್ಯವಾದರೆ ಸ್ವಲ್ಪ ದೊಡ್ಡವನೊಬ್ಬ ಜೊತೆಗಿರಲಿ, ಇಪ್ಪತ್ತೈದು ದಾಟಿದ ಅಣ್ಣನೋ ಮಾವನೋ. 2016ರಲ್ಲಿ 18ರಿಂದ 22ರ ಹುಡುಗರ ಮೇಲೆ ಮಾಡಿದ ಒಂದು ಪ್ರಯೋಗದಲ್ಲಿ, ಗುಂಪಿಗೆ ತಮಗಿಂತ ಸ್ವಲ್ಪ ದೊಡ್ಡವನೊಬ್ಬ ಸೇರಿದ್ದೇ ತಡ, ಗುಂಪಿನಿಂದ ಬರುವ ದುಡುಕು ಒಬ್ಬರೇ ಇದ್ದಾಗಿನ ಮಟ್ಟಕ್ಕೆ ಇಳಿಯಿತು.

ಫೋನ್ ತಪಾಸಣೆ ಮಾಡುವ ಯೋಚನೆ ನಿಮಗೆ ಬಂದೇ ಬಂದಿರುತ್ತದೆ. ಸ್ವೀಡನ್ನಿನಲ್ಲಿ ಹೋಕನ್ ಸ್ಟಟ್ಟಿನ್ ಮತ್ತು ಮಾರ್ಗರೆಟ್ ಕೆರ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಂದೆತಾಯಿಗೆ ಮಕ್ಕಳ ಬಗ್ಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಮಕ್ಕಳು ತಾವಾಗಿ ಹೇಳಿದ್ದರಿಂದ ಬಂದಿತ್ತು. ಕಾವಲು ಹಾಕಿದ್ದರಿಂದ ಅಲ್ಲ. ಹಾಗಾಗಿ ಅವನು ಏನಾದರೂ ಹೇಳಿದಾಗ ನಿಮ್ಮ ಮೊದಲ ಒಂದು ನಿಮಿಷದ ಮುಖ ಹೇಗಿರುತ್ತೆ ಅನ್ನುವುದರ ಮೇಲೆ ಎಷ್ಟೋ ನಿಂತಿದೆ.

ಅವನು ವಾದ ಮಾಡಿದರೆ ಮಾಡಲಿ. ಇದನ್ನು ತುಂಬಾ ಮನಸ್ಸಿಟ್ಟು ಹೇಳುತ್ತಿದ್ದೇನೆ. ವರ್ಜೀನಿಯಾ ವಿಶ್ವವಿದ್ಯಾಲಯದ ಜೋಸೆಫ್ ಆಲನ್ ಮತ್ತು ಜೊತೆಗಾರರು 13ರ ಮಕ್ಕಳೂ ತಾಯಂದಿರೂ ಭಿನ್ನಾಭಿಪ್ರಾಯದ ವಿಷಯ ಮಾತಾಡುವುದನ್ನು ದಾಖಲಿಸಿ, ಆ ಮಕ್ಕಳನ್ನು ಮುಂದೆ ಹಲವು ವರ್ಷ ಗಮನಿಸಿದರು. ಅಮ್ಮನ ಎದುರು ಕಾರಣ ಕೊಟ್ಟು ತನ್ನ ಮಾತಿನ ಮೇಲೆ ನಿಂತ ಮಕ್ಕಳು, ಮುಂದೆ ಕುಡಿತ, ಮಾದಕ ವಸ್ತುವಿನ ವಿಷಯದಲ್ಲಿ ಗೆಳೆಯರ ಒತ್ತಡಕ್ಕೆ ಅಷ್ಟಾಗಿ ಬಗ್ಗಲಿಲ್ಲ. ಕಿರುಚಾಡಿದ್ದು, ಗೋಗರೆದದ್ದು ಇದರಲ್ಲಿ ಸೇರಲ್ಲ. ಕಾರಣ ಕೊಟ್ಟಿದ್ದು ಸೇರುತ್ತದೆ. ಬೇಡ ಅಂತ ಹೇಳಿಯೂ ಸಂಬಂಧ ಉಳಿಯುತ್ತದೆ ಅನ್ನುವುದನ್ನು ಮಗು ಮೊದಲು ಕಲಿಯುವ ಜಾಗ ಮನೆ. ರಾತ್ರಿ ಎಷ್ಟು ಹೊತ್ತಿಗೆ ಮಲಗಬೇಕು, ಕೂದಲು ಹೇಗೆ ಬಿಡಬೇಕು ಅನ್ನುವಂಥ ವಿಷಯಗಳಲ್ಲಿ ಅವನ ವಾದ ಸರಿ ಇದ್ದರೆ ಗೆಲ್ಲಲು ಬಿಡಿ. ನಿಜವಾಗಿ ಗೆಲ್ಲಲಿ, ತೋರಿಕೆಗಲ್ಲ.

ಸಹವಾಸದ ಬಗ್ಗೆ "ಸದ್ಯಕ್ಕೆ" ಅಂದೆನಲ್ಲ, ಆ ಮಾತು ಯಾವಾಗ ಬದಲಾಗುತ್ತದೆ ಅಂತಲೂ ಹೇಳಬೇಕು. ಗುಂಪಿನಲ್ಲಿ ಅವನಿಗಿಂತ ನಾಲ್ಕೈದು ವರ್ಷ ದೊಡ್ಡವನಿದ್ದು ಅವನೇ ಎಲ್ಲರನ್ನೂ ನಡೆಸುತ್ತಿದ್ದರೆ. ಹಳೆಯ ಗೆಳೆಯರೆಲ್ಲ ಒಮ್ಮೆಲೇ ದೂರವಾದರೆ. ಮನೆಯಲ್ಲಿ ದುಡ್ಡು ಕಾಣೆಯಾದರೆ. ಹೊರಗೆ ಹೋಗಿ ಬಂದಾಗಲೆಲ್ಲ ಕುಗ್ಗಿ ಬರುತ್ತಿದ್ದರೆ, ಹೋಗಲು ಇಷ್ಟವಿಲ್ಲದೆಯೂ ಹೋಗುತ್ತಿದ್ದರೆ. ಒಬ್ಬನೇ ಇರುವಾಗಲೂ ಅಪಾಯ ಹುಡುಕುತ್ತಿದ್ದರೆ ಅದು ಗೆಳೆಯರ ಪ್ರಭಾವದ ವಿಷಯವೇ ಅಲ್ಲ, ಬೇರೆ ಏನೋ ನೋವಿದೆ. ಇಂಥದ್ದರಲ್ಲಿ ಯಾವುದು ಕಂಡರೂ ಹದಿಹರೆಯದವರ ಜೊತೆ ಕೆಲಸ ಮಾಡುವ ಆಪ್ತಸಮಾಲೋಚಕರನ್ನೋ ಮನೋವೈದ್ಯರನ್ನೋ ನೋಡಿ. ನೀವು ಬರೆದದ್ದರಲ್ಲಿ ನನಗೆ ಇದ್ಯಾವುದೂ ಕಾಣಲಿಲ್ಲ.

ಆ ಮೂವರನ್ನು ಒಂದು ದಿನ ಮನೆಗೆ ಕರೆಯಿರಿ. ಕ್ವಾರಿಯ ಮಾತು ಎತ್ತಬೇಡಿ. ಊಟ ಹಾಕಿ, ಅವರ ಪಾಡಿಗೆ ಅವರನ್ನು ಬಿಡಿ, ಆಗಾಗ ಅತ್ತ ಓಡಾಡಿ. ಯಾರು ಮೊದಲು ಮಾತು ಶುರು ಮಾಡುತ್ತಾನೆ, ಯಾರು ಬೇರೆಯವರು ನಕ್ಕಮೇಲೆ ನಗುತ್ತಾನೆ ಅಂತ ನೋಡಿ. ಎರಡನೆಯವನ ಹೆಸರು ನೆನಪಿಟ್ಟುಕೊಳ್ಳಿ. ನಿಮ್ಮ ಮಗನ ಹಾಗೆ ಅಂಚಿನಲ್ಲಿ ಕಾಲು ನಡುಗಿದ್ದು ಬಹುಶಃ ಅವನಿಗೇ.